ಶುಗರ್ ಇದ್ದವರ ಕಾಲ್ಬೆರಳು ಕಪ್ಪಾದರೆ ಕಾಯಬಹುದಾ?

ಪ್ರಶ್ನೆ: ಅಪ್ಪಾರಿಗೆ ಶುಗರ್ ಇದೆ, ಬಾಗಲಕೋಟೆ ಹತ್ತಿರದ ಹಳ್ಳಿಯಲ್ಲಿದ್ದಾರೆ. ಕಾಲಿನ ಕಿರುಬೆರಳು ಕಪ್ಪಾಗಿದೆ, ಪಕ್ಕದಲ್ಲಿ ಸಣ್ಣ ಹುಣ್ಣು. ನೋವಿಲ್ಲ ಅಂತಾರೆ. ಸಂತೆ ದಿನ ಪೇಟೆಗೆ ಬಂದಾಗ ತೋರಿಸಿದರೆ ನಡೆಯುತ್ತಾ?

ಉತ್ತರ: ಬೇಡ್ರೀ, ಇವತ್ತೇ ಕರ್ಕೊಂಡು ಹೋಗಿ. ನೋವಿಲ್ಲ ಅನ್ನೋದೇ ಭಯದ ಮಾತು. ಶುಗರ್‌ನಿಂದ ಕಾಲಿನ ನರ ಸತ್ತಿದ್ದರೆ ಚಪ್ಪಲಿ ಕಚ್ಚಿದ್ದೂ ಗೊತ್ತಾಗಲ್ಲ, ಒಳಗೆ ಕೀವು ತುಂಬಿದ್ದೂ ಗೊತ್ತಾಗಲ್ಲ. ಬೆರಳು ಕಪ್ಪಾಗಿದೆ ಅಂದರೆ ಅಲ್ಲಿಗೆ ರಕ್ತ ಸಾಕಷ್ಟು ಹೋಗುತ್ತಿಲ್ಲ, ಇಲ್ಲವೇ ಸೋಂಕು ಮಾಂಸ ತಿನ್ನುತ್ತಿದೆ. ಕೆಲವೊಮ್ಮೆ ಎರಡೂ.

ನಮ್ಮ ಮೈಬಣ್ಣಕ್ಕೆ ಕೆಂಪು ಸರಿಯಾಗಿ ಕಾಣಲ್ಲ, ಅದಕ್ಕೇ ಅಂಗೈಯ ಹಿಂಭಾಗ ಇಟ್ಟು ಎರಡೂ ಪಾದ ಹೋಲಿಸಿ ನೋಡಿ. ಒಂದು ಬಿಸಿಯಾಗಿ ಊದಿದ್ದರೆ ಸೋಂಕಿನ ಗುರುತು, ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಅಥವಾ ನೀಲಿಯಾಗಿದ್ದರೆ ರಕ್ತನಾಳದ ತೊಂದರೆ ಇರಬಹುದು. ಇದರಲ್ಲಿ ಯಾವುದಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಕೀವು, ಕೆಟ್ಟ ವಾಸನೆ, ಬೆರಳಿನಿಂದ ಮೇಲಕ್ಕೆ ಹರಡುವ ಕೆಂಪು, ಹುಣ್ಣಿನಾಳದಲ್ಲಿ ಮೂಳೆ ಕಂಡರೂ ಅಷ್ಟೇ. ಜೊತೆಗೆ ಚಳಿಜ್ವರ, ವಾಂತಿ, ಮಂಕು ಬಂದರೆ ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.

ಹೊರಡುವ ಮುಂಚೆ ಶುದ್ಧ ನೀರಲ್ಲಿ ತೊಳೆದು, ಒರೆಸಿ, ಒಣ ಗಾಜ್ ಬಟ್ಟೆ ಸಡಿಲವಾಗಿ ಸುತ್ತಿದರೆ ಸಾಕು. ಅರಿಶಿನ, ಸುಣ್ಣ, ಬ್ಲೇಡು, ಬಿಸಿನೀರು ಯಾವುದೂ ಬೇಡ. ಆ ಕಾಲ ಮೇಲೆ ನಡೆಸಲೂಬೇಡಿ. ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ, ಜಿಲ್ಲಾ ಆಸ್ಪತ್ರೆಯಾದರೂ ಸರಿ. ಬರೀ ಡ್ರೆಸ್ಸಿಂಗ್ ಮಾಡಿ ಕಳಿಸಿದರೆ, ಪಾದದ ನಾಡಿ ನೋಡಿದ್ರಾ, ಎಕ್ಸ್‌ರೇ ಬೇಕಾ ಅಂತ ನೀವೇ ಕೇಳಿ.