ದಿನಾ ವಿಡಿಯೋ ಹಾಕುವ ಚಾನೆಲ್ ಜೊತೆ ಹೋಲಿಸುವುದು ಹೇಗೆ?

ಪ್ರಶ್ನೆ (ಮೂಡಿಗೆರೆಯಿಂದ): "ನಾನು ವಾರಕ್ಕೆ ಒಂದು ಕಾಫಿ ಅಥವಾ ಮೆಣಸಿನ ವಿಡಿಯೋ ಹಾಕ್ತೀನಿ. ಒಂದಕ್ಕೆ ಸುಮಾರು 1,800 ವ್ಯೂಸ್ ಬರುತ್ತೆ. ಇದೇ ವಿಷಯದ ಇನ್ನೊಂದು ಚಾನೆಲ್ ದಿನಾ ಹಾಕುತ್ತೆ, ಒಂದೊಂದಕ್ಕೆ 9,000 ಬರುತ್ತೆ. ನಾನೂ ದಿನಾ ಹಾಕಬೇಕಾ? ಲಿಂಕ್ ಕೆಳಗಿದೆ."

ನೀವು ಕೊಟ್ಟ ಲಿಂಕ್ ತೆಗೆದು ನಿನ್ನೆ ರಾತ್ರಿ ಕೂತು ಎಣಿಸಿದೆ. ನಾನೂ ಸಕಲೇಶಪುರದ ಕಡೆ ನಾಲ್ಕು ವರ್ಷದಿಂದ ತೋಟದ ವಿಡಿಯೋ ಮಾಡುತ್ತಿದ್ದೇನೆ. ಈ ಲೆಕ್ಕ ತಪ್ಪು ಮಾಡಿಕೊಂಡರೆ ಎಷ್ಟು ದಿನ ಹಾಳಾಗುತ್ತೆ ಅಂತ ಗೊತ್ತು.

ಮೊದಲು ಆ 9,000. ನಿಮ್ಮ ಪ್ರಶ್ನೆಗೆ ಈ ಗುಂಪಿನಲ್ಲೇ ಬೇಲೂರಿನ ಅಣ್ಣ "ಒಟ್ಟು ವ್ಯೂಸ್ ತಗೊಂಡು ವಿಡಿಯೋ ಸಂಖ್ಯೆಯಿಂದ ಭಾಗಿಸಿ" ಅಂದಿದ್ದಾರೆ. ನೀವೂ ಅದನ್ನೇ ಮಾಡಿದ್ದೀರಿ ಅನಿಸುತ್ತೆ. 54 ಲಕ್ಷ ವ್ಯೂಸ್, 600 ವಿಡಿಯೋ, ಭಾಗಿಸಿದರೆ 9,000. ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಆ 54 ಲಕ್ಷದಲ್ಲಿ ಶಾರ್ಟ್ಸ್ ಕೂಡ ಸೇರಿದೆ, ವರ್ಷಗಟ್ಟಲೆ ಹಳೆಯ ವಿಡಿಯೋಗಳೂ ಸೇರಿವೆ. "ಪಾಪ್ಯುಲರ್" ಒತ್ತಿ ನೋಡಿ. ಒಂದೇ ಒಂದು ಶಾರ್ಟ್‌ಗೆ 22 ಲಕ್ಷ, ಒಂದೇ ಒಂದು ಉದ್ದ ವಿಡಿಯೋಗೆ 9 ಲಕ್ಷ ಇದೆ. ಇವೆರಡನ್ನೇ ತೆಗೆದರೆ ಉಳಿದ 598ಕ್ಕೆ 23 ಲಕ್ಷ. ಅಂದರೆ ಒಂದಕ್ಕೆ ಸುಮಾರು 3,850. ಎರಡು ವಿಡಿಯೋ ತೆಗೆದಿದ್ದಕ್ಕೇ ಅರ್ಧಕ್ಕಿಂತ ಕೆಳಗೆ ಬಂತು.

ಶಾರ್ಟ್ಸ್ ವ್ಯೂಸನ್ನು ಉದ್ದ ವಿಡಿಯೋ ಜೊತೆ ಕೂಡಿಸಲೇಬೇಡಿ. 2025ರ ಮಾರ್ಚ್ 31ರಿಂದ ಶಾರ್ಟ್ ಓಡಲು ಶುರುವಾದರೂ ಸಾಕು, ಮತ್ತೆ ಮೊದಲಿಂದ ಓಡಿದರೂ ಸಾಕು, ಯೂಟ್ಯೂಬ್ ಒಂದು ವ್ಯೂ ಅಂತ ಎಣಿಸುತ್ತೆ. ಬೆರಳಲ್ಲಿ ತಳ್ಳಿಕೊಂಡು ಹೋದವರೂ ಲೆಕ್ಕಕ್ಕೆ ಬರುತ್ತಾರೆ. ನಿಜವಾಗಿ ನಿಂತು ನೋಡಿದವರ ಲೆಕ್ಕ ಬೇರೆ ಇದೆ, ಆದರೆ ಅದು ಚಾನೆಲ್‌ನವರ ಯೂಟ್ಯೂಬ್ ಸ್ಟುಡಿಯೋದಲ್ಲಿ ಮಾತ್ರ ಕಾಣುತ್ತೆ, ನಮಗೆ ಕಾಣಲ್ಲ.

ಈಗ ನಾನು ಎಣಿಸಿದ್ದು. ಎರಡೂ ಚಾನೆಲ್‌ನಲ್ಲಿ ಹಾಕಿ 30 ದಿನ ದಾಟಿದ, 120 ದಿನ ಮೀರದ ವಿಡಿಯೋ ಮಾತ್ರ ತಗೊಂಡೆ. ನಿನ್ನೆ ಹಾಕಿದ್ದನ್ನೂ ಮೂರು ತಿಂಗಳ ಹಿಂದಿನದನ್ನೂ ಪಕ್ಕ ಇಟ್ಟರೆ ನ್ಯಾಯ ಆಗಲ್ಲ. "ಕೊನೆಯ 20 ವಿಡಿಯೋ" ಅಂತ ತಗೊಂಡರೂ ಅದೇ ತೊಂದರೆ. ದಿನಾ ಹಾಕುವವರ 20 ವಿಡಿಯೋ ಮೂರು ವಾರದೊಳಗಿನವು, ನಿಮ್ಮ 20 ಐದು ತಿಂಗಳಷ್ಟು ಹಿಂದಕ್ಕೆ ಹೋಗುತ್ತವೆ. ಆಗ ಮೋಸ ಅವರಿಗೆ ಆಗುತ್ತೆ. ಪಟ್ಟಿಯಲ್ಲಿ "2 ತಿಂಗಳ ಹಿಂದೆ" ಅಂತ ಒರಟಾಗಿ ತೋರಿಸುತ್ತೆ. ವಿಡಿಯೋ ತೆರೆದು ವಿವರಣೆ ಒತ್ತಿದರೆ ಸರಿಯಾದ ತಾರೀಖು, ಪೂರ್ತಿ ವ್ಯೂಸ್ ಎರಡೂ ಸಿಗುತ್ತೆ.

ಆ 90 ದಿನದಲ್ಲಿ ಅವರು ಹಾಕಿದ್ದು 90. ಅದರಲ್ಲಿ 40 ಶಾರ್ಟ್ಸ್. 37 ಬರೀ ಇವತ್ತಿನ ಕಾಫಿ, ಮೆಣಸಿನ ರೇಟು ಹೇಳುವ ವಿಡಿಯೋ. ತೋಟದ ಕೆಲಸ ತೋರಿಸುವ ಉದ್ದ ವಿಡಿಯೋ ಉಳಿದದ್ದು 13. ನಿಮ್ಮದು ಎಷ್ಟು ಗೊತ್ತಾ? ಅದೂ 13. ನೀವು ಮಾಡುವಂಥ ವಿಡಿಯೋವನ್ನು ಅವರೂ ವಾರಕ್ಕೆ ಒಂದೇ ಹಾಕುತ್ತಿದ್ದಾರೆ.

ಆ 13ರ ವ್ಯೂಸನ್ನು ಒಂದು ಶೀಟ್‌ನಲ್ಲಿ ಬರೆದುಕೊಂಡೆ. ಸರಾಸರಿ 4,600 ಬಂತು. ಆದರೆ ಅದರಲ್ಲಿ 31,000ದ್ದು ಒಂದಿದೆ. ಹೂಮಳೆ ತಡವಾದಾಗ ರೊಬಸ್ಟಾಗೆ ಸ್ಪ್ರಿಂಕ್ಲರ್ ಯಾವಾಗ ಶುರು ಮಾಡಬೇಕು ಅನ್ನೋ ವಿಡಿಯೋ. ಅದೊಂದನ್ನು ಬಿಟ್ಟರೆ ಉಳಿದ 12ರ ಸರಾಸರಿ 2,400. ಇಂಥ ಕಡೆ ಸರಾಸರಿ ಬೇಡ. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಇಟ್ಟು ಮಧ್ಯದ್ದನ್ನು, ಅಂದರೆ ಏಳನೆಯದನ್ನು ನೋಡಿ. ಶೀಟ್‌ನಲ್ಲಾದರೆ ಇಷ್ಟೇ:

```
=MEDIAN(D2:D14)
```

ಅವರದು 2,100. ನಿಮ್ಮದು 1,700.

ಈ 400ರ ವ್ಯತ್ಯಾಸ ಇಟ್ಟುಕೊಂಡು ಏನೂ ತೀರ್ಮಾನ ಮಾಡಬೇಡಿ. ಆ 31,000ದ್ದನ್ನು ಬಿಟ್ಟರೆ ಇಬ್ಬರ ವ್ಯೂಸೂ 700ರಿಂದ 5,000ದವರೆಗೆ ಓಲಾಡುತ್ತಿದೆ. ಇನ್ನೆರಡು ವಿಡಿಯೋ ಸೇರಿದರೆ ಮಧ್ಯದ ಸಂಖ್ಯೆ ಆ ಕಡೆ ಈ ಕಡೆ ಆಗುತ್ತೆ. ನನಗೆ ಕಂಡ ಒಂದೇ ಕೆಲಸಕ್ಕೆ ಬರುವ ವಿಷಯ ಅಂದರೆ, ಜನ ಹೂಮಳೆಗೆ ಆಕಾಶ ನೋಡುತ್ತಿದ್ದ ಆ ವಾರ ಅವರ ಹತ್ತಿರ ಅದರ ವಿಡಿಯೋ ಇತ್ತು, ನಿಮ್ಮ ಹತ್ತಿರ ಇರಲಿಲ್ಲ.

ಇದರಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ವಾರಕ್ಕೆ ನಾಲ್ಕು ಹಾಕಲು ಶುರು ಮಾಡಿದೆ. ವ್ಯೂಸ್ ಏರಿತು. ಜಾಸ್ತಿ ಹಾಕಿದ್ದಕ್ಕೇ ಏರಿತು ಅಂದುಕೊಂಡು ಮಳೆಗಾಲದಲ್ಲೂ ಹಾಗೇ ಓಡಿದೆ. ಜುಲೈನಲ್ಲಿ ಎಲ್ಲಾ ಬಿದ್ದುಹೋಯಿತು. ಆಮೇಲೆ ಸ್ಟುಡಿಯೋದಲ್ಲಿ ಅದರ ಹಿಂದಿನ ವರ್ಷದ ಮಾರ್ಚ್ ತೆಗೆದು ನೋಡಿದೆ. ಆಗ ವಾರಕ್ಕೆ ಒಂದೇ ಹಾಕಿದ್ದರೂ ಅಷ್ಟೇ ಏರಿತ್ತು. ಎರಡೂ ವರ್ಷ ಜನ ಸರ್ಚ್‌ನಿಂದ ಹೂವು, ನೀರು ಅಂತ ಹುಡುಕಿಕೊಂಡು ಬಂದಿದ್ದರು. ಹಾಗಾಗಿ ಬೇರೆಯವರು ಜಾಸ್ತಿ ಹಾಕಲು ಶುರು ಮಾಡಿದ ಮೇಲೆ ಏರಿದರು ಅನಿಸಿದರೆ, ಹಿಂದಿನ ವರ್ಷ ಅದೇ ತಿಂಗಳು ಅವರು ಹಾಕಿದ ಅದೇ ತರದ ವಿಡಿಯೋಗಳನ್ನೂ ಒಮ್ಮೆ ನೋಡಿ. ಬೋರ್ಡೋ ಸ್ಪ್ರೇ ವಿಡಿಯೋವನ್ನು ಮಳೆ ಹಿಡಿಯುವ ಮುಂಚಿನ ಬೋರ್ಡೋ ವಿಡಿಯೋ ಜೊತೆಗೇ ಹೋಲಿಸಬೇಕು, ಜನವರಿಯ ಮೆಣಸು ಕೊಯ್ಲಿನ ಜೊತೆ ಅಲ್ಲ.

ಅದರಲ್ಲೂ ಒಂದು ತೊಡಕಿದೆ. ಈಗ ಕಾಣುವುದು ಇವತ್ತಿನವರೆಗಿನ ಒಟ್ಟು ಮಾತ್ರ. ಹೋದ ವರ್ಷದ ಬೋರ್ಡೋ ವಿಡಿಯೋಗೆ ಈ ವರ್ಷವೂ ವ್ಯೂಸ್ ಸೇರಿರುತ್ತೆ. ಮೊದಲ ವಾರ ಎಷ್ಟು ಬಂದಿತ್ತು ಅನ್ನೋದು ಹೊರಗಿನವರಿಗೆ ಈಗ ಸಿಗಲ್ಲ. ಅದಕ್ಕೆ ಇವತ್ತಿಂದ ಬರೆದಿಡಿ. ಅವರ ತೋಟದ ವಿಡಿಯೋ ಬಂದಾಗ ತಾರೀಖು, ವಿಷಯ ಬರೆದು, 7ನೇ ದಿನ ಮತ್ತು 30ನೇ ದಿನ ವ್ಯೂಸ್ ಬರೆಯಿರಿ. ನಿಮ್ಮದಕ್ಕೂ ಹಾಗೇ. ರೇಟಿನ ವಿಡಿಯೋ ಮಾರನೇ ದಿನಕ್ಕೆ ಸುಮ್ನೆ ಆಗುತ್ತೆ, 7ಕ್ಕೂ 30ಕ್ಕೂ ಹೆಚ್ಚು ವ್ಯತ್ಯಾಸ ಇರಲ್ಲ. ಕೆಲಸದ ವಿಡಿಯೋ ನಿಧಾನಕ್ಕೆ ಬೆಳೆಯುತ್ತೆ. ಹಾಸನದ ಗೆಳೆಯರು ಇದನ್ನು ಎಪಿಐ ಕೀ ತಗೊಂಡು ತಾನಾಗೇ ಬರುವ ಹಾಗೆ ಮಾಡಿಕೊಂಡಿದ್ದಾರಂತೆ. ನೂರಾರು ಚಾನೆಲ್ ನೋಡುವವರಿಗೆ ಅದು ಬೇಕು. ಎರಡೇ ಚಾನೆಲ್‌ಗೆ ವಾರಕ್ಕೆ ಹತ್ತು ನಿಮಿಷ ಕೈಯಲ್ಲೇ ಬರೆದರೆ ಸಾಕು.

ದುಡ್ಡು ಕೊಟ್ಟು ಪ್ರಚಾರ ಮಾಡಿದ ವಿಡಿಯೋದ ವ್ಯೂಸ್ ಕೂಡ ಅದೇ ಸಂಖ್ಯೆಯಲ್ಲಿ ಸೇರಿಬಿಡುತ್ತೆ. ಒಂದೇ ವಿಡಿಯೋಗೆ ವ್ಯೂಸ್ ಸಿಕ್ಕಾಪಟ್ಟೆ, ಲೈಕು ಕಾಮೆಂಟು ಮಾತ್ರ ಬೇರೆ ವಿಡಿಯೋದಷ್ಟೇ ಅಂದರೆ ಪಕ್ಕದಲ್ಲಿ ಒಂದು ಗುರುತು ಹಾಕಿ ಲೆಕ್ಕದಿಂದ ಹೊರಗಿಡಿ. ಅನುಮಾನ ಅಷ್ಟೇ, ಖಚಿತ ಅಂತ ಹೇಳಕ್ಕಾಗಲ್ಲ.

ಅರಸೀಕೆರೆಯ ಅಣ್ಣ, ನೀವು ಕೇಳಿದ್ದು ನಿಮ್ಮ ತೆಂಗಿನ ಚಾನೆಲ್‌ಗೆ ಜಾಹೀರಾತಿನ ದುಡ್ಡು ಯಾವಾಗ ಬರುತ್ತೆ ಅಂತ. ಅದಕ್ಕೆ ಬೇರೆಯವರ ವ್ಯೂಸ್ ನೋಡಿ ಪ್ರಯೋಜನ ಇಲ್ಲ. ಉದ್ದ ವಿಡಿಯೋ ದಾರಿಯಲ್ಲಾದರೆ 1,000 ಸಬ್‌ಸ್ಕ್ರೈಬರ್ ಜೊತೆ 12 ತಿಂಗಳಲ್ಲಿ ಜನ ನೋಡಿದ್ದು 4,000 ಗಂಟೆ ಆಗಬೇಕು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ್ದು ಆ ಗಂಟೆಗೆ ಸೇರಲ್ಲ. ಬೇಕಾದರೆ ಹೊಸ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ಆಲೂರಿನ ಮೇಡಂ ಕೇಳಿದ್ದು ಗಟ್ಟಿ ಪ್ರಶ್ನೆ. ದಿನಾ ರೇಟು ನೋಡಲು ಬಂದವರು ಅವರ ತೋಟದ ವಿಡಿಯೋನೂ ನೋಡುತ್ತಿರಬಹುದಲ್ವಾ, ಅಂತ. ಇರಬಹುದು. ಹೊರಗಿಂದ ಅದನ್ನು ನೋಡುವ ದಾರಿಯೇ ಇಲ್ಲ, ಅವರ ಸ್ಟುಡಿಯೋದಲ್ಲಿ ಮಾತ್ರ ಗೊತ್ತಾಗುತ್ತೆ. ಮೂಡಿಗೆರೆಯ ಅಣ್ಣ, ನಿಮಗೆ ಮನಸ್ಸಿದ್ದರೆ ನಿಮ್ಮ ಚಾನೆಲ್‌ನಲ್ಲೇ ಎರಡು ತಿಂಗಳು ವಾರಕ್ಕೆ ಎರಡು ರೇಟಿನ ವಿಡಿಯೋ ಹಾಕಿ ನೋಡಿ. ತೋಟದ ವಿಡಿಯೋ ವಾರಕ್ಕೆ ಒಂದೇ ಇರಲಿ. ಆ ವಿಡಿಯೋಗಳ 7ನೇ ದಿನದ ಸಂಖ್ಯೆ ಬರೆದಿಟ್ಟು ಇಲ್ಲಿ ಹಾಕಿ. ನನ್ನ ಶೀಟಿನ ಖಾಲಿ ಪ್ರತಿ ನಾಳೆ ಗುಂಪಿಗೆ ಕಳಿಸುತ್ತೇನೆ.