ಗುಳಿಗೆ ಬಿಟ್ಟು ಹಲ್ಲು ಕೀಳಿಸಲು ಬಂದವರು

ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ತಾಯಿ, ಐವತ್ತು ದಾಟಿದವರು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೃದಯದ ಮೈಟ್ರಲ್ ಕವಾಟ ಕೆಟ್ಟು ಕೆಲವು ವರ್ಷಗಳ ಹಿಂದೆ ಕೃತಕ ಮೆಕ್ಯಾನಿಕಲ್ ವಾಲ್ವ್ ಕೂಡಿಸಿದ್ದರು. ಅಂದಿನಿಂದ ದಿನಾ ಸಂಜೆ ರಕ್ತ ತೆಳು ಮಾಡುವ ಅಸೆನೊಕೌಮರಾಲ್ ಗುಳಿಗೆ ನಡೆದಿದೆ. ಕೆಳಗಿನ ದವಡೆ ಹಲ್ಲು ಹುಳುಕಾಗಿ ಮುರಿದು ಬೇರಷ್ಟೇ ಉಳಿದಿತ್ತು. ಮಗ, ಸೊಸೆ ಕರೆತಂದಿದ್ದರು.

ಹಲ್ಲಿನ ಡಾಕ್ಟರು ನೋಡುವ ಮೊದಲು ಇಂಥವರ ಜೊತೆ ಮಾತಾಡುವುದು ನನ್ನ ಕೆಲಸ. ಗುಳಿಗೆ ಚೀಟಿ ಕೇಳಿದೆ. ಮಗ ಹೆಮ್ಮೆಯಿಂದಲೇ ಹೇಳಿದ: "ಐದು ದಿನಾ ಆತ್ರೀ ಬಂದ್ ಮಾಡಿ. ನಮ್ಮ ಕಾಕಾಗ ಹಲ್ಲ ತಗದಾಗ ಭಾಳ ರಕ್ತ ಹೋಗಿತ್ರಿ, ಅದಕ್ಕ."

ಬಿಡಲು ಯಾರೂ ಹೇಳಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆಯನ್ನು ಅವತ್ತೇ ಮಾಡಿಸಿದೆವು: 1.3. ಈ ಕವಾಟ ಇದ್ದವರಿಗೆ ಅದು 2.5ರಿಂದ 3.5ರ ನಡುವೆ ಇರಬೇಕು. ಅಂದರೆ ಆ ತಾಯಿಯ ರಕ್ತ ಹೆಚ್ಚುಕಡಿಮೆ ಎಲ್ಲರಂತೆ ಹೆಪ್ಪುಗಟ್ಟುತ್ತಿತ್ತು. ಹಲ್ಲಿನ ಗುಳಿಯಲ್ಲಷ್ಟೇ ಅಲ್ಲ, ಕವಾಟದ ಮೇಲೂ.

ಹಲ್ಲು ಅವತ್ತೇ ಕೀಳಬಹುದಲ್ಲ ಎಂದ ಮಗ. ಅವನಿಗೆ ನಾನು ಹೇಳಿದ್ದಿಷ್ಟು: "ನೋಡಪಾ, ಬಾಯಾಗ ರಕ್ತ ಬಂದ್ರ ಬಟ್ಟಿ ಒತ್ತಿ ನಿಲ್ಲಸ್ತೀವಿ. ವಾಲ್ವಿನ್ಯಾಗ ಗಡ್ಡಿ ಕಟ್ಟಿ ಮೆದುಳಿಗೆ ಹೋದ್ರ ಲಕ್ವಾ ಹೊಡೀತದ, ಅಲ್ಲಿ ಒತ್ತಾಕ ಯಾರ ಕೈ ಮುಟ್ಟತದ?" ಹೃದಯದ ಡಾಕ್ಟರಿಗೆ ಅಲ್ಲಿಂದಲೇ ಫೋನು ಹೋಯಿತು. ಅಂದೇ ಸಂಜೆ ಗುಳಿಗೆ ಮತ್ತೆ ಶುರು. ಐಎನ್‌ಆರ್ ಏರುವತನಕ, ಬೇಗನೆ ರಕ್ತ ತೆಳು ಮಾಡುವ ಹೆಪರಿನ್ ಚುಚ್ಚುಮದ್ದು ಬೇಕೆಂದು ಅವರೇ ತೀರ್ಮಾನಿಸಿದರು. ಬಾವು ಇರಲಿಲ್ಲ, ನೋವಿಗೆ ಪ್ಯಾರಸಿಟಮಾಲ್ ಸಾಕಾಯಿತು. ಅಂಗಡಿಯಿಂದ ತಂದಿದ್ದ ಡೈಕ್ಲೋಫಿನಾಕ್ ಪಟ್ಟಿಯನ್ನು ಬಿಡಿಸಿದೆ. ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಹಲ್ಲುನೋವಿಗೆ ಸಲೀಸಾಗಿ ಕೊಡುವ ಮೆಟ್ರೊನಿಡಜೋಲ್ ಇನ್ನೂ ಮೋಸದ್ದು: ಐಎನ್‌ಆರ್ ಅನ್ನೇ ಏರಿಸಿಬಿಡುತ್ತದೆ. ಆ ಹೆಸರನ್ನು ಚೀಟಿಯ ಹಿಂದೆ ದೊಡ್ಡದಾಗಿ ಬರೆದುಕೊಟ್ಟೆ.

ಮುಂದಿನ ವಾರ ಐಎನ್‌ಆರ್ 2.8 ಆಗಿತ್ತು, ಚುಚ್ಚುಮದ್ದೂ ನಿಂತಿತ್ತು. ನಮ್ಮಲ್ಲಿ 3.5ರ ಒಳಗಿದ್ದರೆ ಗುಳಿಗೆ ನಿಲ್ಲಿಸದೆಯೇ ಕೀಳುತ್ತಾರೆ. ಆದರೆ ರಕ್ತಪರೀಕ್ಷೆ ಹಿಂದಿನ 24 ತಾಸಿನೊಳಗಿನದಾಗಿರಬೇಕು. ಸೋಮವಾರ ಮುಂಜಾನೆ ಕರೆಸಿದೆವು. ಮುಂಜಾನೆ ಕಿತ್ತರೆ ರಕ್ತ ಹೊರಟರೂ ನೋಡಲು ಹಗಲು ಇರುತ್ತದೆ. ಕವಾಟಕ್ಕೆ ಸೋಂಕು ತಗಲದಂತೆ ಒಂದು ತಾಸು ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ನುಂಗಿಸಿದರು. ಡಾಕ್ಟರು ಬೇರನ್ನು ಎಲುಬು ಜಜ್ಜದಂತೆ ನಿಧಾನಕ್ಕೆ ತೆಗೆದು, ಗುಳಿಯಲ್ಲಿ ಜೆಲಟಿನ್ ಸ್ಪಂಜು ಇಟ್ಟು ಹೊಲಿಗೆ ಹಾಕಿದರು. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಔಷಧದಲ್ಲಿ ಅದ್ದಿದ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಅರ್ಧ ತಾಸು ಕಚ್ಚಿಸಿ ಕೂರಿಸಿದ ಮೇಲೆ, ರಕ್ತ ಪೂರ್ತಿ ನಿಂತದ್ದನ್ನು ನೋಡಿಯೇ ಮನೆಗೆ ಬಿಟ್ಟರು.

ಮನೆಗೆ ಕೊಟ್ಟ ಸೂಚನೆ: ಟ್ರಾನೆಕ್ಸಾಮಿಕ್ 500 ಮಿ.ಗ್ರಾಂ ಗುಳಿಗೆ ಒಂದನ್ನು ಪುಡಿಮಾಡಿ 10 ಮಿ.ಲೀ. ನೀರಿಗೆ ಹಾಕಿ, ಎರಡು ನಿಮಿಷ ಬಾಯಲ್ಲಿ ಸುಮ್ಮನೆ ಹಿಡಿದು ಮೆಲ್ಲಗೆ ಬಿಡಬೇಕು. ದಿನಕ್ಕೆ ನಾಲ್ಕು ಸಲ, ಎರಡು ದಿನ. ಮುಕ್ಕಳಿಸಬಾರದು, ಉಗುಳಬಾರದು. ಬಿಸಿ ಚಹಾ ಬೇಡ, ರೊಟ್ಟಿ ಬದಲು ಆರಿದ ಮೆತ್ತನ್ನ ಅನ್ನ, ಮಜ್ಜಿಗೆ. ತಂಬಾಕಿನ ಮಿಸ್ರಿ ತಿಕ್ಕುವುದನ್ನಂತೂ ಮುಟ್ಟಲೇಬಾರದು ಎಂದಾಗ ತಾಯಿ ಸೊಸೆಯ ಕಡೆ ನೋಡಿ ನಕ್ಕರು.

ರಾತ್ರಿ ಒಂಬತ್ತರ ಸುಮಾರಿಗೆ ಸೊಸೆಯ ಫೋನು. ಬಿಸಿ ಚಹಾ ಕುಡಿದಿದ್ದರು. ಬಾಯಿ ತುಂಬ ರಕ್ತ, ಲೋಳೆಯಂಥ ಕೆಂಪು ಗಡ್ಡೆ. "ಅರಳಿ ಇಟ್ಟೇನ್ರೀ ಅಕ್ಕಾರ, ನಿಂದ್ರವಲ್ದು. ಐದೈದು ನಿಮಿಷಕ್ಕ ತಗದು ನೋಡಾಕತ್ತೇನಿ." ತೊಂದರೆ ಅಲ್ಲೇ ಇತ್ತು. ಒಣ ಅರಳೆ ಹೆಪ್ಪಿಗೆ ಅಂಟಿಕೊಳ್ಳುತ್ತದೆ. ತೆಗೆದಾಗೊಮ್ಮೆ ಅದನ್ನೂ ಕಿತ್ತುಕೊಂಡೇ ಬರುತ್ತದೆ. ಎದ್ದು ಕೂರಿಸಿ, ಹೊರಗೆ ಜೋಲುವ ಗಡ್ಡೆಯನ್ನು ಗಾಜ್ ಬಟ್ಟೆಯಿಂದ ಒರೆಸಿ, ಟ್ರಾನೆಕ್ಸಾಮಿಕ್ ನೀರಿನಲ್ಲಿ ಒದ್ದೆ ಮಾಡಿದ ಹೊಸ ಬಟ್ಟೆಯನ್ನು ದಪ್ಪಗೆ ಮಡಚಿ ನೇರ ಗುಳಿಯ ಮೇಲಿಟ್ಟು, ಗಟ್ಟಿ ಕಚ್ಚಿಕೊಂಡು ಗಡಿಯಾರ ನೋಡಿ 20 ನಿಮಿಷ ಕೂರಲು ಹೇಳಿದೆ. ನಡುವೆ ತೆಗೆದು ನೋಡುವಂತಿಲ್ಲ. ಅಷ್ಟಾದರೂ ಬಾಯಿ ತುಂಬುತ್ತಿದ್ದರೆ, ತಲೆ ಸುತ್ತಿದರೆ, ಆ ರಾತ್ರಿಯೇ ದವಾಖಾನೆಗೆ ಹೊರಡಬೇಕು.

"ಇವತ್ತಿನ ರಕ್ತದ ಗುಳಿಗಿ ಬಿಡಸ್ಲೇನ್ರಿ?" ಎಂದು ಕೇಳಿದಳು. ಸಂಜೆಯ ಗುಳಿಗೆಯನ್ನು ಹೆದರಿ ಇನ್ನೂ ಕೊಟ್ಟಿರಲಿಲ್ಲ. ಒಂದು ಹೊತ್ತಿನ ಗುಳಿಗೆ ತಪ್ಪಿಸಿದರೆ ಆ ರಾತ್ರಿಯ ರಕ್ತವೇನೂ ನಿಲ್ಲುವುದಿಲ್ಲ. ಅದರ ಪರಿಣಾಮ ಇಳಿಯಲು ಎರಡು ದಿನವಾದರೂ ಬೇಕು. ಆಗ ಗಾಯ ಮಾಯುತ್ತಿರುತ್ತದೆ, ಕವಾಟಕ್ಕೆ ಮಾತ್ರ ಕಾವಲು ಇರುವುದಿಲ್ಲ. ಡಾಕ್ಟರನ್ನು ಕೇಳಿ ಮರಳಿ ಫೋನು ಮಾಡಿ, ರಕ್ತ ನಿಂತ ಮೇಲೆ ಕೊಡಲು ಹೇಳಿದೆ. ಅಷ್ಟೊತ್ತಿಗೆ ನಿಂತಿತ್ತು. ಮರುದಿನ ಉಗುಳಿನಲ್ಲಿ ನಸುಗೆಂಪು ಕಂಡು ಮತ್ತೆ ಗಾಬರಿಯಾದರು. ಒಂದು ಹನಿ ರಕ್ತ ಬಾಯಿ ತುಂಬ ಉಗುಳನ್ನು ಕೆಂಪು ಮಾಡುತ್ತದೆ, ಅದಕ್ಕೆ ಹೆದರಬೇಕಿಲ್ಲ ಎಂದೆ.

ಏಳನೆಯ ದಿನ ಹೊಲಿಗೆ ಬಿಚ್ಚಿದರು. ಐಎನ್‌ಆರ್ 2.9. ಇನ್ನೊಂದು ದವಡೆ ಹಲ್ಲೂ ಅಲುಗಾಡುತ್ತಿದೆ. ಅದನ್ನು ಕೀಳುವಾಗಲೂ ಹಿಂದಿನ ದಿನದ ಪರೀಕ್ಷೆಯ ಚೀಟಿ ತರಬೇಕೆಂದು ಮಗನ ಮೊಬೈಲಿನಲ್ಲಿ ಬರೆಸಿ ಕಳಿಸಿದ್ದೇನೆ.