ಆರು ತಿಂಗಳಲ್ಲಿ ಮಾತಾಡುವಷ್ಟು ಫ್ರೆಂಚ್

ಪ್ರಶ್ನೆ: ಕೊಪ್ಪಳದಲ್ಲಿ ಕೆಲಸದಲ್ಲಿದ್ದೇನೆ, ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ. ಆರು ತಿಂಗಳಲ್ಲಿ ಫ್ರೆಂಚ್ ಮಾತಾಡಬಹುದಾ?

ಉತ್ತರ: ಸರಳ ಮಾತಿಗೆ ಸಾಕು, ವಾದಕ್ಕೆ ಸಾಲದು. ಒಟ್ಟು ಸುಮಾರು 135 ಗಂಟೆ ಆಗುತ್ತದೆ, ಅಲ್ವಾ?

ಮೊದಲ ಎರಡು ತಿಂಗಳು ಕಿವಿಗೇ ಕೊಡಿ. ಬರೆದಂತೆ ಓದುವ ನಮ್ಮ ಅಭ್ಯಾಸ ಇಲ್ಲಿ ಕೆಡಿಸುತ್ತದೆ. ಆನೆಗೊಂದಿಗೆ ಬಂದ ಪ್ರವಾಸಿಗೆ ದಾರಿ ಹೇಳಬೇಕು ಅಂದುಕೊಳ್ಳಿ. ‘ತೂ ದ್ರುವಾ’ ಅಂದರೆ ನೇರ, ‘ಆ ದ್ರುವಾತ್’ ಅಂದರೆ ಬಲಕ್ಕೆ. ಮೊದಲನೆಯದರ ಕೊನೆಗೂ ‘ತ್’ ಅಕ್ಷರವಿದೆ, ಆದರೆ ಉಚ್ಚರಿಸುವುದಿಲ್ಲ. ಅದನ್ನು ಉಚ್ಚರಿಸಿದರೆ ಪ್ರವಾಸಿ ಬಲಕ್ಕೆ ತಿರುಗಿಬಿಡಬಹುದು! ಇಂಗ್ಲಿಷಿನ ‘ಟ’ ಬೇಡ, ನಮ್ಮ ‘ತ’ವೇ ಹತ್ತಿರ.

ಮುಂದಿನ ಎರಡು ತಿಂಗಳು ದಿನಾ ಒಂದು ನಿಮಿಷದ ಆಡಿಯೊ ಕೇಳಿ, ಹಾಗೇ ಹೇಳಿ, ರೆಕಾರ್ಡ್ ಮಾಡಿ ಹೋಲಿಸಿ. ಕೊನೆಯ ಎರಡರಲ್ಲಿ ವಾರಕ್ಕೆರಡು ಸಲ ಆನ್‌ಲೈನ್‌ನಲ್ಲಿ ಯಾರ ಜೊತೆಗಾದರೂ ಅರ್ಧ ಗಂಟೆ ಮಾತಾಡಿ. ವ್ಯಾಕರಣ ಸುಮ್ನೆ ಜಾಸ್ತಿ ಬೇಡ.